ಬಂಗಿನ ಕ್ರೀಮಿಗೆ ಆರು ತಿಂಗಳು ಏಕೆ ಬೇಕು

ನಾಗಪುರದ ಪಶ್ಚಿಮಕ್ಕೆ, ಅಮರಾವತಿ ರಸ್ತೆಯ ಮೇಲಿರುವ ವಾಡಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಬಿಸಿಲು 45 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಸ್ಕೂಟರಿನಲ್ಲಿ ಹೋಗುವ ಹೆಂಗಸರು ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಆದರೂ ಕೆನ್ನೆಯ ಮೂಳೆಯ ಮೇಲೆ, ಹಣೆಯಲ್ಲಿ, ಮೇಲ್ದುಟಿಯ ಅಂಚಿನಲ್ಲಿ ಬಂಗು ಬರುತ್ತದೆ, ಬಂದದ್ದು ಹೋಗುವುದಿಲ್ಲ. ಅಜೆಲಾಯಿಕ್ ಆಸಿಡ್ ಅಥವಾ ಟ್ರಾನೆಕ್ಸಾಮಿಕ್ ಆಸಿಡ್ ಇರುವ ಟ್ಯೂಬು ತಂದು ಹಚ್ಚಿ, ಐದಾರು ವಾರ ಕಳೆದರೂ ಏನೂ ಕಾಣದಿದ್ದಾಗ ಮೂಲೆಗೆ ಎಸೆಯುವುದು ಸಾಮಾನ್ಯ. ಆ ತೀರ್ಪು ತಪ್ಪು ಎಂಬುದು ನನ್ನ ವಾದ. ಔಷಧ ಕೆಲಸ ಮಾಡಿರಲಿಕ್ಕಿಲ್ಲ, ನಿಜ. ಆದರೆ ಆರು ವಾರಕ್ಕೆ ಅದನ್ನು ತಿಳಿಯಲು ದಾರಿಯೇ ಇಲ್ಲ. ಏಕೆಂದರೆ ಈ ಎರಡೂ ಔಷಧಗಳು ಚರ್ಮದಲ್ಲಿ ಇರುವ ಬಣ್ಣವನ್ನು ತೊಳೆಯುವುದಿಲ್ಲ, ಮುಂದೆ ತಯಾರಾಗುವ ಬಣ್ಣವನ್ನು ಕಡಿಮೆ ಮಾಡುತ್ತವೆ.

ಬಣ್ಣ ತಯಾರಾಗುವುದು ಮೇಲ್ಚರ್ಮದ ತಳದಲ್ಲಿ. ಅಲ್ಲಿರುವ ಮೆಲನೊಸೈಟ್ ಎಂಬ ಕೋಶಗಳು ಮೆಲನಿನ್ ತಯಾರಿಸಿ, ಸುತ್ತಲಿನ ಚರ್ಮಕೋಶಗಳಿಗೆ ಹಂಚುತ್ತವೆ. ಬಣ್ಣ ಹೊತ್ತ ಆ ಕೋಶಗಳು ನಿಧಾನವಾಗಿ ಮೇಲಕ್ಕೆ ಸರಿದು, ಕೊನೆಗೆ ಹೊಟ್ಟಿನಂತೆ ಉದುರುತ್ತವೆ. ಒಂದು ಸುತ್ತಿಗೆ ಸುಮಾರು ನಾಲ್ಕು ವಾರ, ವಯಸ್ಸಾದಂತೆ ಇನ್ನೂ ಹೆಚ್ಚು. ಇವತ್ತು ತಳದಲ್ಲಿ ಬಣ್ಣದ ತಯಾರಿಯನ್ನು ಅರ್ಧಕ್ಕಿಳಿಸಿದರೂ ಕನ್ನಡಿಯಲ್ಲಿ ಕಾಣುವುದು ಹೋದ ತಿಂಗಳ ಬಣ್ಣವೇ. ಬಂಗಿನಲ್ಲಿ ಇನ್ನೊಂದು ತೊಡಕಿದೆ. ಕೆಲವರಲ್ಲಿ ಬಣ್ಣದ ಕಣಗಳು ತಳದಿಂದ ಕೆಳಗಿನ ಪದರಕ್ಕೆ ಸೋರಿ, ಅಲ್ಲಿನ ಕೋಶಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಅವು ಉದುರುವ ದಾರಿಯಲ್ಲಿಲ್ಲ. ಹಾಗಾಗಿ ಒಬ್ಬರ ಬಂಗು ಮೂರು ತಿಂಗಳಲ್ಲಿ ತಿಳಿಯಾದರೆ, ಅದೇ ಕ್ರೀಮು ಹಚ್ಚಿದ ಇನ್ನೊಬ್ಬರಿಗೆ ಅರ್ಧ ಮಾತ್ರ ತಿಳಿಯಾಗುತ್ತದೆ.

ಅಜೆಲಾಯಿಕ್ ಆಸಿಡ್ಡಿನ ಕಥೆ ಶುರುವಾಗುವುದು ಇನ್ನೊಂದು ಚರ್ಮರೋಗದಿಂದ. ಬೆನ್ನು, ಎದೆಯ ಮೇಲೆ ಬಿಳಿಚಿದ ಮಚ್ಚೆಗಳಾಗುವ ಚಿಬ್ಬನ್ನು ಎಲ್ಲರೂ ನೋಡಿರುತ್ತಾರೆ. ಅದನ್ನು ಉಂಟುಮಾಡುವ ಶಿಲೀಂಧ್ರ ಚರ್ಮದ ಎಣ್ಣೆಯನ್ನು ತಿಂದು ಅಜೆಲಾಯಿಕ್ ಆಸಿಡ್ ತಯಾರಿಸುತ್ತದೆ. ಚಿಬ್ಬು ಬಂದ ಜಾಗ ಏಕೆ ಬಿಳಿಚುತ್ತದೆ ಎಂದು 1970ರ ದಶಕದಲ್ಲಿ ಇಟಲಿಯ ಸಂಶೋಧಕರು ಹುಡುಕಿದಾಗ ಈ ಆಮ್ಲ ಕೈಗೆ ಸಿಕ್ಕಿತು. ಗೋಧಿ, ಬಾರ್ಲಿಯಲ್ಲೂ ಅದು ಇದೆ. ಮೆಲನಿನ್ ತಯಾರಿಕೆಯ ಮೊದಲ ಹೆಜ್ಜೆಯಲ್ಲಿ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಅಜೆಲಾಯಿಕ್ ಆಸಿಡ್ ಅದನ್ನು ತಡೆಯುತ್ತದೆ. ವಿಶೇಷವೆಂದರೆ ಅತಿಯಾಗಿ ದುಡಿಯುತ್ತಿರುವ ಮೆಲನೊಸೈಟುಗಳ ಮೇಲೆಯೇ ಅದರ ಪ್ರಭಾವ ಹೆಚ್ಚು, ಸಾಮಾನ್ಯ ಕೋಶಗಳ ಮೇಲೆ ಕಡಿಮೆ. ಹಾಗಾಗಿ ಪಕ್ಕದ ಚರ್ಮ ಬಿಳಿಚಿಕೊಂಡು ಹೊಸ ಮಚ್ಚೆಯಾಗುವ ಭಯ ಹೆಚ್ಚಿಲ್ಲ. ಗರ್ಭಿಣಿಯರಲ್ಲಿ ಬಂಗು ಬರುವುದು ಹೆಚ್ಚು. ವೈದ್ಯರು ಅವರಿಗೂ ಕೊಡಲು ಒಪ್ಪುವ ಕೆಲವೇ ಔಷಧಗಳಲ್ಲಿ ಇದೊಂದು.

ಟ್ರಾನೆಕ್ಸಾಮಿಕ್ ಆಸಿಡ್ ಬಂದ ದಾರಿ ಬೇರೆ. 1960ರ ದಶಕದಲ್ಲಿ ಜಪಾನಿನ ಒಕಮೊಟೊ ದಂಪತಿ ಅದನ್ನು ಕಂಡುಹಿಡಿದದ್ದು ರಕ್ತಸ್ರಾವ ನಿಲ್ಲಿಸಲು. 1979ರಲ್ಲಿ ಜಪಾನಿನಲ್ಲೇ ಪಿತ್ತಗಂಧೆಗೆ ಈ ಔಷಧ ಕೊಟ್ಟಾಗ ರೋಗಿಯ ಬಂಗು ತಿಳಿಯಾದದ್ದು ಗಮನಕ್ಕೆ ಬಂತು. ಕಾರಣ ಹೀಗಿದೆ: ಬಿಸಿಲು ಬಿದ್ದಾಗ ಚರ್ಮಕೋಶಗಳು ಪ್ಲಾಸ್ಮಿನ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತವೆ. ಅದರಿಂದ ಹುಟ್ಟುವ ರಾಸಾಯನಿಕಗಳು ಬಣ್ಣದ ಕೋಶಗಳಿಗೆ ‘ಇನ್ನೂ ತಯಾರಿಸು’ ಎಂಬ ಸಂದೇಶ ಕೊಡುತ್ತವೆ. ಟ್ರಾನೆಕ್ಸಾಮಿಕ್ ಆಸಿಡ್ ಪ್ಲಾಸ್ಮಿನ್ ಹುಟ್ಟುವುದನ್ನೇ ತಡೆಯುತ್ತದೆ. ಅಂದರೆ ಅಜೆಲಾಯಿಕ್ ಆಸಿಡ್ ಕಾರ್ಖಾನೆಯ ಯಂತ್ರವನ್ನು ನಿಧಾನಿಸಿದರೆ, ಇದು ಹೊರಗಿನಿಂದ ಬರುವ ಆರ್ಡರನ್ನು ಕಡಿಮೆ ಮಾಡುತ್ತದೆ.

ಪುರಾವೆ ಎರಡಕ್ಕೂ ಒಂದೇ ಸಮನಾಗಿಲ್ಲ, ಅದನ್ನು ಮುಚ್ಚಿಡಬಾರದು. ದಕ್ಷಿಣ ಅಮೆರಿಕದಲ್ಲಿ 329 ಹೆಂಗಸರ ಮೇಲೆ ನಡೆದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಶೇಕಡಾ 20ರ ಅಜೆಲಾಯಿಕ್ ಕ್ರೀಮನ್ನು 24 ವಾರ ಹಚ್ಚಿದವರಲ್ಲಿ ಸುಮಾರು ಶೇಕಡಾ 65 ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಆ ಕಾಲದ ಮುಖ್ಯ ಔಷಧವಾಗಿದ್ದ ಶೇಕಡಾ 4ರ ಹೈಡ್ರೋಕ್ವಿನೋನಿಗೆ ಅದು ಸರಿಸಮವಾಗಿ ನಿಂತಿತು. ಟ್ರಾನೆಕ್ಸಾಮಿಕ್ ಕ್ರೀಮಿನ ವಿಷಯ ಅಷ್ಟು ಸಲೀಸಲ್ಲ. 2014ರ ಇರಾನಿನ ಅಧ್ಯಯನದಲ್ಲಿ ಶೇಕಡಾ 3ರ ದ್ರಾವಣ 12 ವಾರದಲ್ಲಿ ಹೈಡ್ರೋಕ್ವಿನೋನ್ ಮಿಶ್ರಣದಷ್ಟೇ ಫಲ ಕೊಟ್ಟಿತು. ಆದರೆ 2012ರ ಥಾಯ್ಲೆಂಡ್ ಅಧ್ಯಯನದಲ್ಲಿ ಒಂದು ಕೆನ್ನೆಗೆ ಶೇಕಡಾ 5ರ ಜೆಲ್, ಇನ್ನೊಂದಕ್ಕೆ ಔಷಧವಿಲ್ಲದ ಬರೀ ಜೆಲ್ ಹಚ್ಚಿದಾಗ ಎರಡು ಕೆನ್ನೆಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಈ ಔಷಧ ನೀರಿನಲ್ಲಿ ಕರಗುವಂಥದ್ದು, ಚರ್ಮದ ಎಣ್ಣೆಯ ಪದರ ದಾಟಿ ಒಳಗಿಳಿಯಲು ಕಷ್ಟಪಡುತ್ತದೆ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಅಜೆಲಾಯಿಕ್ ಮೊದಲು, ಟ್ರಾನೆಕ್ಸಾಮಿಕ್ ಅದರ ಜೊತೆಗೆ. ಟ್ರಾನೆಕ್ಸಾಮಿಕ್ ಮಾತ್ರೆ ಇನ್ನೊಂದೇ ವಿಷಯ. ರಕ್ತ ಹೆಪ್ಪುಗಟ್ಟುವ ಅಪಾಯ ಇರುವವರಿಗೆ ಅದು ಸಲ್ಲದು, ವೈದ್ಯರಿಲ್ಲದೆ ಯಾರೂ ನುಂಗಬಾರದು.

ಹಾಗಾದರೆ ವಾಡಿಯಲ್ಲಿ ಒಬ್ಬರು ನವೆಂಬರ್ ಮೊದಲ ವಾರ ಶುರುಮಾಡಿದರು ಎಂದಿಟ್ಟುಕೊಳ್ಳಿ. ಮುಖ ತೊಳೆದು ಒರೆಸಿ, ಕಡಲೆಕಾಳಿನಷ್ಟು ಶೇಕಡಾ 20ರ ಅಜೆಲಾಯಿಕ್ ಕ್ರೀಮನ್ನು ಮಚ್ಚೆಯ ಜಾಗಕ್ಕೆ ತೆಳ್ಳಗೆ ಹಚ್ಚುತ್ತಾರೆ. ಮೊದಲ ಒಂದೆರಡು ವಾರ ದಿನ ಬಿಟ್ಟು ದಿನ ರಾತ್ರಿ, ಆಮೇಲೆ ದಿನಕ್ಕೆರಡು ಸಲ. ಹಚ್ಚಿದ ಮೇಲೆ ಕೆಲ ನಿಮಿಷ ಚುರುಚುರು ಎನ್ನುತ್ತದೆ, ತುಸು ಕೆರೆಯುತ್ತದೆ. ಅದು ವಾರಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಚರ್ಮ ಕೆಂಪಾಗಿ, ಸಿಪ್ಪೆ ಏಳುತ್ತಿದ್ದರೆ ನಿಲ್ಲಿಸಬೇಕು, ಏಕೆಂದರೆ ನಮ್ಮ ಕಂದು ಚರ್ಮದಲ್ಲಿ ಉರಿ ತಣಿದ ಜಾಗವೇ ಕಪ್ಪಾಗಿ ಉಳಿಯುತ್ತದೆ. ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳಬೇಕು. ದಿನವೂ ಕನ್ನಡಿ ನೋಡುವವರಿಗೆ ನಿಧಾನದ ಬದಲಾವಣೆ ಗೊತ್ತಾಗುವುದಿಲ್ಲ. ಎಂಟನೇ ವಾರಕ್ಕೆ ಅಂಚು ಮಸುಕಾದರೆ ಸಾಕು. ಜನವರಿ ಕೊನೆಗೆ, ಅಂದರೆ ಹನ್ನೆರಡನೇ ವಾರಕ್ಕೆ, ಮೊದಲ ತೀರ್ಪು. ಏಪ್ರಿಲ್ ಹೊತ್ತಿಗೆ ಪೂರ್ತಿ ತೀರ್ಪು.

‘ಏಪ್ರಿಲಿನ ಬಿಸಿಲಿಗೆ ಎಲ್ಲವೂ ಮರಳಿ ಬರುವುದಿಲ್ಲವೇ?’ ಎಂಬ ಆಕ್ಷೇಪ ನ್ಯಾಯವಾದದ್ದು. ಬರುತ್ತದೆ, ಸನ್‌ಸ್ಕ್ರೀನ್ ಇಲ್ಲದಿದ್ದರೆ. ಬಿಸಿಲಿನ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ. ಅದು ಕಿಟಕಿಯ ಗಾಜನ್ನೂ ತೆಳುವಾದ ಬಟ್ಟೆಯನ್ನೂ ದಾಟುತ್ತದೆ. ಅದನ್ನು ತಡೆಯುವುದು ಕಬ್ಬಿಣದ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣವೇ ಇರುವ ಸನ್‌ಸ್ಕ್ರೀನ್. ಬೆಳಿಗ್ಗೆ ಒಮ್ಮೆ ಹಚ್ಚಿದರೆ ಸಾಲದು, ಹೊರಗಿರುವಷ್ಟೂ ಹೊತ್ತು ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಅಪಾಯದ್ದು: ‘ಅಂಗಡಿಯವರು ಕೊಡುವ ಕ್ರೀಮು ಎರಡೇ ವಾರದಲ್ಲಿ ಬೆಳ್ಳಗೆ ಮಾಡುತ್ತದೆ, ಆರು ತಿಂಗಳು ಏಕೆ ಕಾಯಬೇಕು?’ ಅಷ್ಟು ಬೇಗ ಬೆಳ್ಳಗಾದರೆ ಅದರಲ್ಲಿ ಬಹುಶಃ ಸ್ಟೀರಾಯ್ಡ್ ಇದೆ. ಸ್ಟೀರಾಯ್ಡ್ ಬಣ್ಣವನ್ನು ಬೇಗ ಅಡಗಿಸುತ್ತದೆ, ಜೊತೆಗೆ ಚರ್ಮವನ್ನೂ ತೆಳ್ಳಗಾಗಿಸುತ್ತದೆ, ಮುಖದಲ್ಲಿ ಕೂದಲು ಏಳಿಸುತ್ತದೆ. ಬಿಟ್ಟ ಕೂಡಲೇ ಮುಖ ಕೆಂಪೇರಿ ಉರಿಯುತ್ತದೆ, ಮೊಡವೆ ಏಳುತ್ತವೆ, ಬಂಗು ಮೊದಲಿಗಿಂತ ಕಪ್ಪಾಗಿ ಮರಳುತ್ತದೆ. ಹಚ್ಚಿದರಷ್ಟೇ ಚೆನ್ನ, ಬಿಟ್ಟರೆ ಉರಿ ಎಂಬ ಸ್ಥಿತಿ ಬಂದರೆ ಅದೇ ಗುರುತು. ಇಂಥ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದ್ದು ಈ ಕಾರಣಕ್ಕೇ. ಟ್ಯೂಬಿನ ಹಿಂದೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರು ಕಂಡರೆ, ಚರ್ಮವೈದ್ಯರು ಬರೆದುಕೊಟ್ಟಿಲ್ಲದಿದ್ದರೆ, ದಯವಿಟ್ಟು ಅಂಗಡಿಯಲ್ಲೇ ಬಿಟ್ಟು ಬನ್ನಿ.