ಹೆಸರು ಅಚ್ಚಾದ ಮಗ್‌ಗೆ ಎರಡನೆಯ ಗ್ರಾಹಕನಿಲ್ಲ

ಒಂದೇ ಮಗ್ ಪ್ರೆಸ್‌ನಿಂದ ಸ್ಥಳೀಯ ಬೇಡಿಕೆ ಪೂರೈಸುವ ಉದ್ಯಮಿಯು ಹಾಳಾಗುವ ಮಗ್‌ಗಳ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯುವುದು ಅವಶ್ಯ. ಶಾಖ ಕಡಿಮೆಯಾದರೆ ಬಣ್ಣ ಪೇಲವವಾಗುತ್ತದೆ; ಕಾಗದ ಸರಿದರೆ ಅಕ್ಷರಗಳಿಗೆ ನೆರಳು ಮೂಡುತ್ತದೆ.

ಶಾಲೆಯೊಂದು ವಾರ್ಷಿಕೋತ್ಸವಕ್ಕಾಗಿ ತಲಾ ರೂ. 150ರಂತೆ 50 ಮಗ್‌ಗಳನ್ನು ಕೇಳಿತೆಂದು ಭಾವಿಸೋಣ. ಪ್ರತಿಯೊಂದರ ಲೇಪಿತ ಮಗ್, ಶಾಯಿ, ಕಾಗದ, ವಿದ್ಯುತ್ತಿಗೆ ರೂ. 90, ಪೆಟ್ಟಿಗೆಗೆ ರೂ. 10. ನಾಲ್ಕು ಹಾಳಾದರೆ 54 ಮಗ್‌ಗಳಿಗೆ ರೂ. 4,860, ಪೆಟ್ಟಿಗೆಗಳಿಗೆ ರೂ. 500, ಒಟ್ಟು ರೂ. 5,360. ಮಾರಾಟದ ರೂ. 7,500ರಲ್ಲಿ ಉಳಿಯುವುದು ರೂ. 2,500 ಅಲ್ಲ, ರೂ. 2,140. ಕೂಲಿಯನ್ನೂ ಯಂತ್ರದ ಸವಕಳಿಯನ್ನೂ ಇದರಿಂದಲೇ ಭರಿಸಬೇಕು.

ಬೇಡಿಕೆ ರದ್ದಾದರೆ ಶಾಲೆಯ ಹೆಸರಿರುವ ಮಗ್ಗನ್ನು ಬೇರಾರೂ ಕೊಳ್ಳರು. ಅರ್ಧ ಮುಂಗಡವಾದ ರೂ. 3,750 ವೆಚ್ಚಕ್ಕೆ ಸಾಲದು. ಮುಕ್ಕಾಲು ಪಾಲು, ಅಂದರೆ ರೂ. 5,625 ಮುಂಗಡವನ್ನೂ ಮಾದರಿಗೆ ಲಿಖಿತ ಒಪ್ಪಿಗೆಯನ್ನೂ ಪಡೆದ ನಂತರವೇ ಮುದ್ರಣ ಆರಂಭಿಸುವುದು ಲೇಸು.