ಹಳೆ ಮನೆಯ ಗೋಡೆ ಎಷ್ಟು ದಪ್ಪ?

ಹಳೆಯ ಕಟ್ಟಡಕ್ಕೆ ಕೈ ಹಚ್ಚುವ ಮುನ್ನ ಈಗ ಅನೇಕ ವಾಸ್ತುಶಿಲ್ಪಿಗಳು ಅದನ್ನು ಲೇಸರ್ ಸ್ಕ್ಯಾನರ್‌ನಲ್ಲಿ ಅಳೆಸುತ್ತಾರೆ. ಸ್ಟ್ಯಾಂಡಿನ ಮೇಲೆ ಕೂತ ಯಂತ್ರ ಸುತ್ತಲೂ ತಿರುಗುತ್ತ, ಕಿರಣ ಬಿದ್ದ ಜಾಗವನ್ನೆಲ್ಲ ಬಿಂದುಗಳಾಗಿ ದಾಖಲಿಸುತ್ತದೆ. ಪ್ರತಿ ಕೋಣೆಯ ಸ್ಕ್ಯಾನನ್ನೂ ಜೋಡಿಸಿದಾಗ ಕೋಟಿಗಟ್ಟಲೆ ಬಿಂದುಗಳ ಪಾಯಿಂಟ್ ಕ್ಲೌಡ್ ಸಿಗುತ್ತದೆ. ಅದರಲ್ಲಿರುವುದು ಗೋಡೆಯ ಮೇಲ್ಮೈ ಮಾತ್ರ. ಕಟ್ಟಡದ ಒಂದೊಂದು ಭಾಗವೂ ಗೋಡೆ, ನೆಲ, ಬಾಗಿಲು ಎಂದೇ ದಾಖಲಾಗುವ ಬಿಮ್ ಮಾದರಿಗೆ ಅದರ ದಪ್ಪವೂ ಬೇಕು.

ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಮದ್ರಾಸ್ ತಾರಸಿಯ ಮಹಡಿ ಇರುವ ಹಳೆ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಕ್ಲೌಡನ್ನು ತೆಳುವಾಗಿ ಅಡ್ಡ ಕತ್ತರಿಸಿದರೆ ಗೋಡೆಯ ಎರಡು ಮುಖಗಳು ಎರಡು ಗೆರೆಗಳಾಗಿ ಕಾಣುತ್ತವೆ. ನಡುವಿನ ಅಂತರ ಒಂದು ಕಡೆ 485 ಮಿಲಿಮೀಟರ್, ಇನ್ನೊಂದು ಕಡೆ 492. ಹದಿನೆಂಟು ಅಂಗುಲದ ಇಟ್ಟಿಗೆ, ಎರಡೂ ಬದಿ ಗಾರೆ ಎಂದು ಊಹಿಸಿ ಒಂದೇ ದಪ್ಪದ ಗೋಡೆ ಎಳೆಯಬಹುದು. ಆದರೆ 2.5 ಮೀಟರ್ ಎತ್ತರದಲ್ಲಿ ಇನ್ನೊಮ್ಮೆ ಕತ್ತರಿಸಿ ನೋಡಲೇಬೇಕು. ಅಲ್ಲಿ ಗೆರೆ 15 ಮಿಲಿಮೀಟರ್ ಸರಿದಿದ್ದರೆ ಗೋಡೆ ವಾಲಿದೆ ಎಂದರ್ಥ. ನೆಟ್ಟಗೆ ಎಳೆಯಬೇಕೋ ವಾಲಿದಂತೆಯೇ ಎಳೆಯಬೇಕೋ? ಎಷ್ಟು ವ್ಯತ್ಯಾಸದವರೆಗೆ ನಡೆಯುತ್ತದೆ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಮಾಲೀಕರೊಂದಿಗೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಳಾಂಗಣದ ನಕ್ಷೆಗೆ 20 ಮಿಲಿಮೀಟರ್ ಸಾಕಾಗಬಹುದು. ಗೋಡೆ ಏಕೆ ವಾಲಿತು ಎಂದು ಹುಡುಕುವ ಎಂಜಿನಿಯರಿಗೆ ಮಾತ್ರ ಆ 15 ಮಿಲಿಮೀಟರೇ ಮುಖ್ಯ ಸುಳಿವು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ ತೊಂದರೆ. ಎರಡು ಕೋಣೆಗಳ ಸ್ಕ್ಯಾನ್ ಸರಿಯಾಗಿ ಕೂಡಿಕೊಳ್ಳದಿದ್ದರೆ ನಡುವಿನ ಗೋಡೆ 30 ಮಿಲಿಮೀಟರ್ ದಪ್ಪವಾಗಿಯೋ ತೆಳುವಾಗಿಯೋ ಬರುತ್ತದೆ, ನೋಡಲು ಮಾತ್ರ ಅಚ್ಚುಕಟ್ಟಾಗಿಯೇ ಇರುತ್ತದೆ. ಇದನ್ನು ಹಿಡಿಯಲು ಬಾಗಿಲ ಚೌಕಟ್ಟಿಗೆ ಹೋಗಬೇಕು. ಹೊಸ್ತಿಲ ಬಳಿ ಗೋಡೆಯ ದಪ್ಪ ಬಯಲಾಗಿಯೇ ಇರುತ್ತದೆ, ಟೇಪ್ ಹಿಡಿದು ಅಳೆಯಬಹುದು. ಆ ಅಳತೆ ಕ್ಲೌಡಿನ ಅಳತೆಗೆ ಹೊಂದದಿದ್ದರೆ ಮಾದರಿ ಎಳೆಯುವುದನ್ನು ನಿಲ್ಲಿಸಿ ಸ್ಕ್ಯಾನ್‌ಗಳನ್ನು ಮತ್ತೆ ಜೋಡಿಸಬೇಕು.

ಮಹಡಿಯ ನೆಲಕ್ಕೆ ಇಂಥ ಬಾಗಿಲಿಲ್ಲ. ಅಲ್ಲಿ ಮೆಟ್ಟಿಲ ಬಾಯಿಯೇ ಗತಿ. ಮೇಲಿನ ಮತ್ತು ಕೆಳಗಿನ ಸ್ಕ್ಯಾನ್‌ಗಳನ್ನು ಬೆಸೆಯುವುದೂ ಅಲ್ಲಿಯೇ. ನೆಲದ ದಪ್ಪ ಅಳೆಯುವಾಗ ಕೆಳಗಿನಿಂದ ಕಾಣುವ ಮರದ ತೊಲೆಗಳ ತಳವನ್ನು ಲೆಕ್ಕಕ್ಕೆ ಹಿಡಿಯಬಾರದು, ತೊಲೆಗಳ ನಡುವೆ ಕಾಣುವ ಇಟ್ಟಿಗೆಯ ತಳದಿಂದ ಅಳೆಯಬೇಕು. ತೊಲೆಗಳನ್ನು ಬೇರೆಯಾಗಿ ಮಾಡಬೇಕು. ಕೋಣೆಯ ನಡುವೆ ನೆಲ 25 ಮಿಲಿಮೀಟರ್ ಕುಸಿದಿದ್ದರೆ ಸಮತಟ್ಟು ಎಂದು ಎಳೆದುಬಿಡದೆ ಅಲ್ಲಿನ ಬಿಂದುಗಳನ್ನು ತಗ್ಗಿಸಿ ತೋರಿಸಬಹುದು. ಒಳಗಿನ ಸುಣ್ಣ, ಇಟ್ಟಿಗೆಯ ಪದರಗಳನ್ನು ಯಾವ ಕಿರಣವೂ ಕಂಡಿಲ್ಲ. ಹಾಗಾಗಿ ಮಾದರಿಯಲ್ಲಿ ಆ ಪದರಗಳಿಗೆ ‘ಊಹೆ’ ಎಂದೇ ಗುರುತು ಹಾಕಿ ಕೊಡಬೇಕು. ಭಾರ ಲೆಕ್ಕ ಹಾಕುವವರು ಒಂದೆರಡು ಕಡೆ ನೆಲ ಬಿಚ್ಚಿ ನೋಡಿದ ಮೇಲೆಯೇ ಆ ಗುರುತನ್ನು ತೆಗೆಯಬಹುದು.