ನೀರಿಗೆ ಹೋದದ್ದು ಯಾರ ಆಮ್ಲಜನಕ?

ಪಿಯುಸಿ ವಿಜ್ಞಾನ ಓದಿದವರಿಗೆ ಈ ಪ್ರಯೋಗ ನೆನಪಿರಬಹುದು. ಪ್ರನಾಳದಲ್ಲಿ ಸ್ವಲ್ಪ ಅಸಿಟಿಕ್ ಆಮ್ಲ, ಅದಕ್ಕೆ ಸ್ವಲ್ಪ ಎಥನಾಲ್, ಮೇಲೆ ಕೆಲವು ಹನಿ ಗಾಢ ಸಲ್ಫ್ಯೂರಿಕ್ ಆಮ್ಲ. ಬಿಸಿನೀರಿನಲ್ಲಿಟ್ಟು ಕಾಯಿಸಿ, ಸೋಡಿಯಂ ಬೈಕಾರ್ಬೊನೇಟ್ ದ್ರಾವಣಕ್ಕೆ ಸುರಿದರೆ ಹಣ್ಣಿನ ಘಮ ಬರುತ್ತದೆ. ಉಳಿದ ಆಮ್ಲದ ಘಾಟನ್ನು ಬೈಕಾರ್ಬೊನೇಟ್ ನುಂಗಿಹಾಕುವುದರಿಂದ ಎಸ್ಟರಿನ ವಾಸನೆಯಷ್ಟೇ ಮೂಗಿಗೆ ತಾಕುತ್ತದೆ. ಪುಸ್ತಕದಲ್ಲಿ ಇದು ಒಂದೇ ಸಾಲು:

CH₃COOH + C₂H₅OH ⇌ CH₃COOC₂H₅ + H₂O

ಜರ್ಮನಿಯ ಎಮಿಲ್ ಫಿಷರ್ ಮತ್ತು ಆರ್ಥರ್ ಸ್ಪೈಯರ್ 1895ರಲ್ಲಿ ಈ ವಿಧಾನವನ್ನು ವಿವರಿಸಿದ್ದರಿಂದ ಇದಕ್ಕೆ ಫಿಷರ್ ಎಸ್ಟರೀಕರಣ ಎಂದು ಹೆಸರು. ಪದವಿ ತರಗತಿಗೆ ಬಂದ ಕೂಡಲೇ ಈ ಒಂದು ಸಾಲು ಹಿಗ್ಗಿ ಒಂದು ಪೂರ್ತಿ ಸ್ಲೈಡ್ ಆಗುತ್ತದೆ. ಆರು ಚಿತ್ರಗಳು, ಅವುಗಳ ನಡುವೆ ಬಾಗಿದ ಬಾಣಗಳು, ಅಲ್ಲಲ್ಲಿ ಧನ ಚಿಹ್ನೆಗಳು. ಎಷ್ಟೋ ವಿದ್ಯಾರ್ಥಿಗಳು ಅದನ್ನು ರಂಗೋಲಿಯಂತೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ. ಆ ಸ್ಲೈಡಿನ ಪ್ರತಿ ಬಾಣಕ್ಕೂ ಒಂದು ಕಾರಣವಿದೆ, ಕಾರಣ ತಿಳಿದವರಿಗೆ ಮುಂದಿನ ಚಿತ್ರವನ್ನು ತಾವೇ ಬರೆಯಲು ಬರುತ್ತದೆ.

ಮೇಲಿನ ಸಮೀಕರಣವನ್ನು ನೋಡಿ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಕೊನೆಗೆ ಹೊರಬಂದ ನೀರಿನಲ್ಲಿರುವ ಆಮ್ಲಜನಕ ಯಾರದು? ಅಸಿಟಿಕ್ ಆಮ್ಲದಲ್ಲೂ OH ಇದೆ, ಎಥನಾಲಿನಲ್ಲೂ OH ಇದೆ. ಎಥನಾಲ್ ತನ್ನ OH ಬಿಟ್ಟುಕೊಟ್ಟು, ಆಮ್ಲ ಬರೀ ಜಲಜನಕ ಕೊಟ್ಟಿರಬಹುದು. ಅಥವಾ ಇದು ತಲೆಕೆಳಗಾಗಿಯೂ ನಡೆದಿರಬಹುದು. ಎರಡು ರೀತಿಯಲ್ಲೂ ಸಮೀಕರಣ ಸರಿಹೊಂದುತ್ತದೆ, ಆದ್ದರಿಂದ ಸಮೀಕರಣ ಇದಕ್ಕೆ ಉತ್ತರ ಹೇಳುವುದಿಲ್ಲ. ಸ್ಲೈಡ್ ಹೇಳುತ್ತದೆ.

ಮೊದಲು ಬಾಣದ ಭಾಷೆ. ಬಾಗಿದ ಬಾಣ ತೋರಿಸುವುದು ಎಲೆಕ್ಟ್ರಾನ್ ಜೋಡಿಯ ನಡೆಯನ್ನು, ಪರಮಾಣುವಿನ ನಡೆಯನ್ನಲ್ಲ. ಬಾಣದ ಬಾಲ ಎಲೆಕ್ಟ್ರಾನುಗಳು ಇರುವ ಕಡೆ, ಅಂದರೆ ಒಂದು ಬಂಧದ ಮೇಲೆ ಅಥವಾ ಬಂಧದಲ್ಲಿ ತೊಡಗದ ಒಂಟಿ ಜೋಡಿಯ ಮೇಲೆ ಇರಬೇಕು. ಮೊನೆ ಆ ಎಲೆಕ್ಟ್ರಾನುಗಳು ಹೋಗಿ ಸೇರುವ ಕಡೆ ಇರಬೇಕು. ಈ ಬಗೆಯ ಬಾಣಗಳನ್ನು ಮೊದಲು ಬಳಕೆಗೆ ತಂದದ್ದು ರಾಬರ್ಟ್ ರಾಬಿನ್ಸನ್, ವಿಲಿಯಂ ಕರ್ಮಕ್ ಜೊತೆ 1922ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ. ವಿದ್ಯಾರ್ಥಿಗಳು ಅತಿ ಹೆಚ್ಚು ತಪ್ಪುವುದೂ ಬಾಲದ ವಿಷಯದಲ್ಲೇ. ಪ್ರೋಟಾನ್ ಆಮ್ಲಜನಕದ ಕಡೆ ಹೋಗುತ್ತದಲ್ಲ ಎಂದುಕೊಂಡು H⁺ ಇಂದ ಆಮ್ಲಜನಕಕ್ಕೆ ಬಾಣ ಎಳೆಯುತ್ತಾರೆ. ಪ್ರೋಟಾನಿನ ಬಳಿ ಕೊಡಲು ಎಲೆಕ್ಟ್ರಾನೇ ಇಲ್ಲ. ಬಾಣ ಆಮ್ಲಜನಕದಿಂದ ಹೊರಟು ಪ್ರೋಟಾನಿಗೆ ತಲುಪಬೇಕು.

ಈಗ ಸ್ಲೈಡಿನ ಮೊದಲ ಚಿತ್ರ. ಅಸಿಟಿಕ್ ಆಮ್ಲದ ನಡುವಿನ ಇಂಗಾಲಕ್ಕೆ ಎರಡು ಆಮ್ಲಜನಕಗಳು ಅಂಟಿವೆ. ಒಂದು ಜೋಡಿಬಂಧದಲ್ಲಿ, ಇನ್ನೊಂದು OH ಆಗಿ ಒಂಟಿಬಂಧದಲ್ಲಿ. ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಆ ಇಂಗಾಲಕ್ಕೆ ಎಲೆಕ್ಟ್ರಾನಿನ ಕೊರತೆಯಿದೆ. ಎಥನಾಲಿನ ಆಮ್ಲಜನಕ ಅಲ್ಲಿಗೆ ತನ್ನ ಒಂಟಿ ಜೋಡಿಯನ್ನು ಕೊಡಬಲ್ಲದು. ಆದರೆ ಎಥನಾಲ್ ಅಷ್ಟೇನೂ ಉದಾರಿಯಲ್ಲ, ಇಂಗಾಲದ ಕೊರತೆಯೂ ಅಷ್ಟು ತೀವ್ರವಲ್ಲ. ಬರೀ ಎರಡನ್ನೂ ಬೆರೆಸಿಟ್ಟರೆ ಕ್ರಿಯೆ ಬಹಳ ನಿಧಾನ. ಸಲ್ಫ್ಯೂರಿಕ್ ಆಮ್ಲದ ಕೆಲಸ ಶುರುವಾಗುವುದು ಇಲ್ಲಿ. ಅದು ಕೊಟ್ಟ ಪ್ರೋಟಾನನ್ನು ಜೋಡಿಬಂಧದ ಆಮ್ಲಜನಕ ಹಿಡಿದುಕೊಳ್ಳುತ್ತದೆ.

ಎರಡು ಆಮ್ಲಜನಕಗಳಿದ್ದೂ ಪ್ರೋಟಾನ್ ಇದಕ್ಕೇ ಏಕೆ? OH ಆಮ್ಲಜನಕ ಪ್ರೋಟಾನ್ ಹಿಡಿದರೆ ಬರುವ ಧನ ಆವೇಶವನ್ನು ಅದು ಒಂಟಿಯಾಗಿ ಹೊರಬೇಕು. ಜೋಡಿಬಂಧದ ಆಮ್ಲಜನಕ ಹಿಡಿದರೆ ಆ ಆವೇಶ ಎರಡೂ ಆಮ್ಲಜನಕಗಳಿಗೂ ನಡುವಿನ ಇಂಗಾಲಕ್ಕೂ ಹಂಚಿಹೋಗುತ್ತದೆ. ಹಂಚಿಕೊಂಡ ಆವೇಶ ಹೆಚ್ಚು ಸ್ಥಿರ. ಯಾವುದೇ ಕ್ಷಣದಲ್ಲಿ ಹೀಗೆ ಪ್ರೋಟಾನ್ ಹೊತ್ತ ಅಣುಗಳು ತೀರಾ ಕಡಿಮೆ, ಆದರೆ ಇಂಗಾಲದ ಕೊರತೆ ಅವುಗಳಲ್ಲಿ ಎಷ್ಟು ಹೆಚ್ಚಿರುತ್ತದೆಂದರೆ ಕ್ರಿಯೆಯೆಲ್ಲ ಅವುಗಳ ಮೂಲಕವೇ ಸಾಗುತ್ತದೆ.

ಎರಡನೇ ಚಿತ್ರದಲ್ಲಿ ಎಥನಾಲ್ ಬರುತ್ತದೆ. ಅದರ ಆಮ್ಲಜನಕದ ಒಂಟಿ ಜೋಡಿಯಿಂದ ಹೊರಟ ಬಾಣ ಇಂಗಾಲವನ್ನು ಮುಟ್ಟುತ್ತದೆ. ಅದೇ ಚಿತ್ರದಲ್ಲಿ ಇನ್ನೊಂದು ಬಾಣವೂ ಇರಲೇಬೇಕು, ಏಕೆಂದರೆ ಇಂಗಾಲಕ್ಕೆ ನಾಲ್ಕಕ್ಕಿಂತ ಹೆಚ್ಚು ಬಂಧ ಹಿಡಿಯಲಾಗದು. ಹೊಸದೊಂದು ಬಂದರೆ ಹಳೆಯದೊಂದು ಬಿಡಬೇಕು. ಅಲ್ಲಿ ಬಿಡಿಸಿಕೊಳ್ಳಲು ಸುಲಭವಾದದ್ದು ಜೋಡಿಬಂಧದ ಎರಡನೇ ಎಳೆ. ಅದರ ಎಲೆಕ್ಟ್ರಾನುಗಳು ಧನ ಆವೇಶ ಹೊತ್ತಿದ್ದ ಆಮ್ಲಜನಕಕ್ಕೆ ಮರಳುತ್ತವೆ, ಅದರ ಆವೇಶ ನೀಗುತ್ತದೆ. ಧನ ಚಿಹ್ನೆ ಈಗ ಎಥನಾಲಿನಿಂದ ಬಂದ ಆಮ್ಲಜನಕದ ಮೇಲೆ ಕೂರುತ್ತದೆ. ಸ್ಲೈಡ್ ಸರಿಯಾಗಿದೆಯೇ ಎಂದು ನೋಡಲು ನಾನು ಮೊದಲು ಪರೀಕ್ಷಿಸುವುದು ಇದನ್ನೇ: ಬಾಣದ ಎಡಬದಿಯ ಒಟ್ಟು ಆವೇಶ ಬಲಬದಿಯಲ್ಲೂ ಅಷ್ಟೇ ಇರಬೇಕು. ಇಲ್ಲಿ ಎರಡೂ ಕಡೆ ಒಂದು ಧನ. ತಾಳೆಯಾಗದಿದ್ದರೆ ಎಲ್ಲೋ ಒಂದು ಬಾಣ ಬಿಟ್ಟುಹೋಗಿದೆ.

ಮೂರನೇ ಚಿತ್ರದಲ್ಲಿ ಆ ಆಮ್ಲಜನಕ ತನ್ನ ಹೆಚ್ಚುವರಿ ಪ್ರೋಟಾನನ್ನು ಪಕ್ಕದಲ್ಲಿರುವ ಬೇರೊಂದು ಎಥನಾಲ್ ಅಣುವಿಗೆ ದಾಟಿಸುತ್ತದೆ. ಉಳಿಯುವುದು ಈ ಸ್ಲೈಡಿನ ಮುಖ್ಯ ಪಾತ್ರ. ನಡುವೆ ಇಂಗಾಲ, ಅದರ ಸುತ್ತ ಒಂದು ಮೀಥೈಲ್ ಗುಂಪು, ಎಥನಾಲಿನಿಂದ ಬಂದ ಒಂದು ಆಮ್ಲಜನಕ, ಜೊತೆಗೆ ಎರಡು OH. ನಾಲ್ಕು ಕೈಗಳೂ ನಾಲ್ಕು ದಿಕ್ಕಿಗೆ ಚಾಚಿರುವ ಇದನ್ನು ಚತುರ್ಮುಖ ಮಧ್ಯವರ್ತಿ ಎನ್ನುತ್ತಾರೆ. ಮಧ್ಯವರ್ತಿ ಎಂದರೆ ದಾರಿ ನಡುವೆ ನಿಜವಾಗಿ ರೂಪುಗೊಂಡು, ಅಲ್ಪಕಾಲ ಬಾಳುವ ಅಣು. ಘಾಟಿ ರಸ್ತೆಯಲ್ಲಿ ಎರಡು ಏರುಗಳ ನಡುವೆ ಸಿಗುವ ತಗ್ಗಿನಂತೆ ಇದರ ಸ್ಥಾನ. ಬಂಧವೊಂದು ಅರ್ಧ ಮುರಿದು ಇನ್ನೊಂದು ಅರ್ಧ ಕೂಡಿರುವ ಏರಿನ ನೆತ್ತಿಯನ್ನು ಸಂಕ್ರಮಣ ಸ್ಥಿತಿ ಎನ್ನುತ್ತಾರೆ, ಅಲ್ಲಿ ಯಾವ ಅಣುವೂ ನಿಲ್ಲುವುದಿಲ್ಲ.

ಈ ಮಧ್ಯವರ್ತಿಯಲ್ಲಿ ಒಂದು ವಿಶೇಷವಿದೆ. ಅದರಲ್ಲಿರುವ ಎರಡು OH ಗಳೂ ಆಮ್ಲದಿಂದಲೇ ಬಂದವು, ಮತ್ತು ಅವೆರಡರ ನಡುವೆ ಈಗ ಯಾವ ವ್ಯತ್ಯಾಸವೂ ಇಲ್ಲ. ಮೊದಲು ಜೋಡಿಬಂಧದಲ್ಲಿದ್ದದ್ದು ಯಾವುದು ಎಂದು ಅಣುವಿಗೆ ನೆನಪಿರುವುದಿಲ್ಲ.

ನಾಲ್ಕನೇ ಚಿತ್ರದಲ್ಲಿ ಆ OH ಗಳಲ್ಲಿ ಒಂದು ಹೊಸದಾಗಿ ಪ್ರೋಟಾನ್ ಹಿಡಿಯುತ್ತದೆ. ಕೆಲವು ಸ್ಲೈಡುಗಳು ಮೂರು ಮತ್ತು ನಾಲ್ಕನ್ನು ಸೇರಿಸಿ, ಪ್ರೋಟಾನ್ ಅಣುವಿನೊಳಗೇ ಒಂದು ಆಮ್ಲಜನಕದಿಂದ ಇನ್ನೊಂದಕ್ಕೆ ಹಾರಿದಂತೆ ಬಾಣ ಎಳೆಯುತ್ತವೆ. ಹಾಗೆ ನಡೆಯಬೇಕಾದರೆ ನಾಲ್ಕೇ ಪರಮಾಣುಗಳ ಇಕ್ಕಟ್ಟಾದ ಬಳೆಯೊಂದು ಏರ್ಪಡಬೇಕು. ಸುತ್ತಲೂ ಪ್ರೋಟಾನ್ ಕೊಟ್ಟು ತೆಗೆದುಕೊಳ್ಳಲು ಎಥನಾಲ್ ಅಣುಗಳು ತುಂಬಿರುವಾಗ ಅದು ಅಷ್ಟು ಕಷ್ಟಪಡಬೇಕಿಲ್ಲ. ಎರಡು ಹೆಜ್ಜೆಯಾಗಿ ಬರೆಯುವುದೇ ಸರಿ.

ಪ್ರೋಟಾನ್ ಹಿಡಿಯುವ ಅಗತ್ಯವಾದರೂ ಏನು? OH ಹಾಗೇ ಬಿಟ್ಟುಹೋದರೆ ಅದು ಋಣ ಆವೇಶದ ಹೈಡ್ರಾಕ್ಸೈಡ್ ಆಗಿ ಹೊರಬೀಳಬೇಕು. ಹೈಡ್ರಾಕ್ಸೈಡ್ ಪ್ರಬಲ ಪ್ರತ್ಯಾಮ್ಲ, ಆಮ್ಲ ತುಂಬಿದ ಪ್ರನಾಳದಲ್ಲಿ ಅದಕ್ಕೆ ಉಳಿಗಾಲವಿಲ್ಲ. ಪ್ರೋಟಾನ್ ಸೇರಿದ ಮೇಲೆ ಹೊರಡುವುದು ಯಾವ ಆವೇಶವೂ ಇಲ್ಲದ, ತನ್ನಷ್ಟಕ್ಕೆ ನೆಮ್ಮದಿಯಾಗಿರುವ ನೀರು. ಆಮ್ಲ ಮಾಧ್ಯಮದ ಸ್ಲೈಡಿನಲ್ಲಿ ಎಲ್ಲಾದರೂ OH⁻ ಅಥವಾ C₂H₅O⁻ ಕಂಡರೆ ಅಲ್ಲಿ ತಪ್ಪಿದೆ ಎಂದು ಧೈರ್ಯವಾಗಿ ಹೇಳಬಹುದು.

ಐದನೇ ಚಿತ್ರದಲ್ಲಿ ಉಳಿದ OH ತನ್ನ ಒಂಟಿ ಜೋಡಿಯನ್ನು ಇಂಗಾಲದ ಕಡೆ ತಳ್ಳುತ್ತದೆ, ಜೋಡಿಬಂಧ ಮತ್ತೆ ಕೂಡುತ್ತದೆ, ನೀರು ಹೊರಡುತ್ತದೆ. ಆರನೆಯದರಲ್ಲಿ ಕೊನೆಯ ಪ್ರೋಟಾನ್ ಹೊರಬಿದ್ದು ಎಸ್ಟರ್ ಸಿದ್ಧವಾಗುತ್ತದೆ. ಮೊದಲು ಕೊಟ್ಟ ಪ್ರೋಟಾನ್ ಹೀಗೆ ಲೆಕ್ಕಕ್ಕೆ ವಾಪಸು ಬರುವುದರಿಂದಲೇ ಕೆಲವೇ ಹನಿ ಸಲ್ಫ್ಯೂರಿಕ್ ಆಮ್ಲ ಸಾಕಾಗುವುದು.

ಹಾಗಾದರೆ ಸ್ಲೈಡಿನ ಪ್ರಕಾರ ನೀರಿನ ಆಮ್ಲಜನಕ ಆಮ್ಲದ್ದು, ಎಥನಾಲಿನದಲ್ಲ. ಇದನ್ನು ನಂಬುವುದು ಹೇಗೆ? ಅಮೆರಿಕದಲ್ಲಿ ಇರ್ವಿಂಗ್ ರಾಬರ್ಟ್ಸ್ ಮತ್ತು ಹೆರಾಲ್ಡ್ ಯೂರಿ 1938ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಸಾಮಾನ್ಯ ಆಮ್ಲಜನಕದ ತೂಕ 16, ಅದರ ಒಂದು ಅಪರೂಪದ ಐಸೊಟೋಪಿನ ತೂಕ 18. ಅವರು ಮೆಥನಾಲಿನಲ್ಲಿ ಭಾರದ ಆಮ್ಲಜನಕದ ಪ್ರಮಾಣ ಹೆಚ್ಚಿರುವಂತೆ ಮಾಡಿಕೊಂಡು, ಅದನ್ನು ಬೆಂಜೋಯಿಕ್ ಆಮ್ಲದ ಜೊತೆ ಎಸ್ಟರ್ ಆಗಿಸಿದರು. ಹೊರಬಂದ ನೀರು ಮಾಮೂಲಿ ನೀರೇ ಆಗಿತ್ತು. ಭಾರದ ಆಮ್ಲಜನಕ ಎಸ್ಟರಿನಲ್ಲಿ ಉಳಿದಿತ್ತು.

ಆದರೂ ಒಂದು ಸಂದೇಹ ಉಳಿಯುತ್ತದೆ. ಎಥನಾಲ್ ಬರುವುದೂ OH ಹೊರಡುವುದೂ ಒಂದೇ ಏಟಿಗೆ ನಡೆದರೂ ಇದೇ ಫಲಿತಾಂಶ ಬರುತ್ತದಲ್ಲ? ಚತುರ್ಮುಖ ಮಧ್ಯವರ್ತಿ ಇದ್ದೇ ಇದೆ ಎನ್ನಲು ಏನು ಆಧಾರ? ಮೈರನ್ ಬೆಂಡರ್ 1951ರಲ್ಲಿ ಇದೇ ದಾರಿಯನ್ನು ಹಿಂದುಮುಂದಾಗಿ, ಅಂದರೆ ಎಸ್ಟರ್ ನೀರಿನಿಂದ ಒಡೆಯುವ ಕ್ರಿಯೆಯಲ್ಲಿ ಹಿಡಿದು ನೋಡಿದರು. ಎಸ್ಟರಿನ ಜೋಡಿಬಂಧದ ಆಮ್ಲಜನಕವನ್ನೇ ಭಾರದ್ದಾಗಿ ಮಾಡಿ, ಕ್ರಿಯೆಯನ್ನು ಅರ್ಧಕ್ಕೆ ನಿಲ್ಲಿಸಿ, ಇನ್ನೂ ಒಡೆಯದ ಎಸ್ಟರನ್ನು ಹೊರತೆಗೆದು ಪರೀಕ್ಷಿಸಿದರು. ಎಲ್ಲವೂ ಒಂದೇ ಏಟಿಗೆ ನಡೆಯುವುದಾದರೆ ಒಡೆಯದ ಎಸ್ಟರಿನಲ್ಲಿ ಗುರುತು ಹಾಗೇ ಇರಬೇಕಿತ್ತು. ಆದರೆ ಅದು ಸ್ವಲ್ಪ ಕಳೆದುಹೋಗಿತ್ತು. ನೀರಿನ ಅಣು ಬಂದು ಸೇರಿ, ಎರಡು ಆಮ್ಲಜನಕಗಳು ಒಂದೇ ತೆರನಾಗಿ, ಮತ್ತೆ ಹಿಂದಿರುಗುವಾಗ ಹಳೆಯದರ ಬದಲು ಹೊಸದು ಉಳಿದರೆ ಮಾತ್ರ ಹೀಗಾಗಲು ಸಾಧ್ಯ. ಕಣ್ಣಿಗೆ ಬೀಳದ, ಬಾಟಲಿಯಲ್ಲಿ ಹಿಡಿದಿಡಲಾಗದ ಅಣುವೊಂದನ್ನು ಅದು ಬಿಟ್ಟುಹೋದ ಗುರುತಿನಿಂದ ಪತ್ತೆ ಹಚ್ಚಿದ ಈ ಕೆಲಸ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಸ್ಲೈಡಿನ ಪ್ರತಿ ಹೆಜ್ಜೆಯೂ ಹಿಂದಕ್ಕೂ ಸಾಗುತ್ತದೆ. ಮಧ್ಯವರ್ತಿಯಿಂದ ನೀರು ಹೋದರೆ ಎಸ್ಟರ್, ಎಥನಾಲ್ ಹೋದರೆ ಮೊದಲಿದ್ದ ಆಮ್ಲ. ಎರಡೂ ಹೊರಡಲು ಹೆಚ್ಚುಕಡಿಮೆ ಸಮಾನ ಅರ್ಹತೆಯವು. ಆದ್ದರಿಂದ ಆಮ್ಲ ಮತ್ತು ಎಥನಾಲನ್ನು ಸಮ ಮೋಲ್ ಬೆರೆಸಿದರೆ ಮೂರರಲ್ಲಿ ಎರಡು ಪಾಲಷ್ಟೇ ಎಸ್ಟರ್ ಆಗಿ ಕ್ರಿಯೆ ಸಮತೋಲಕ್ಕೆ ಬರುತ್ತದೆ. ಎಥನಾಲನ್ನು ಹತ್ತು ಪಟ್ಟು ಹಾಕಿದರೆ ಆಮ್ಲದ ಸುಮಾರು 97 ಶೇಕಡ ಎಸ್ಟರ್ ಆಗುತ್ತದೆ, ಏಕೆಂದರೆ ಹಿಂದಿರುಗಿದ ಆಮ್ಲಕ್ಕೆ ಮತ್ತೆ ಮತ್ತೆ ಎಥನಾಲ್ ಎದುರಾಗುತ್ತದೆ. ನೀರನ್ನು ಆಗಾಗ ಹೊರತೆಗೆದರೂ ಅದೇ ಫಲ. ಸಲ್ಫ್ಯೂರಿಕ್ ಆಮ್ಲ ಹೆಚ್ಚಿಸಿದರೆ ಸಮತೋಲ ಬೇಗ ಬರುತ್ತದೆ. ಎಸ್ಟರಿನ ಪಾಲು ಬೆಳೆದರೆ ಅದು ಆಮ್ಲ ನೀರನ್ನು ಹಿಡಿದಿಟ್ಟುಕೊಂಡಷ್ಟರ ಮಟ್ಟಿಗೆ ಮಾತ್ರ.

ಇದೇ ಸ್ಲೈಡನ್ನು ಎಲ್ಲ ಆಲ್ಕೋಹಾಲುಗಳಿಗೂ ಅಂಟಿಸುವಂತಿಲ್ಲ. ಎಥನಾಲ್ ಬದಲು ಟರ್ಷಿಯರಿ ಬ್ಯುಟೈಲ್ ಆಲ್ಕೋಹಾಲ್ ತೆಗೆದುಕೊಂಡರೆ, ಅದರ ಆಮ್ಲಜನಕ ಹಿಡಿದಿರುವ ಇಂಗಾಲದ ಮೇಲೆ ಮೂರು ಮೀಥೈಲ್ ಗುಂಪುಗಳಿವೆ. ಅವುಗಳ ದಟ್ಟಣೆಯಿಂದ ಅದು ಆಮ್ಲದ ಇಂಗಾಲದ ಬಳಿ ಸುಳಿಯುವುದೇ ಕಷ್ಟ. ಅದೇ ಮೂರು ಗುಂಪುಗಳು ಧನ ಆವೇಶವನ್ನು ಮಾತ್ರ ಚೆನ್ನಾಗಿ ತಾಳಿಕೊಳ್ಳುತ್ತವೆ. ಹಾಗಾಗಿ ಪ್ರಬಲ ಆಮ್ಲದಲ್ಲಿ ಈ ಆಲ್ಕೋಹಾಲಿನ OH ಪ್ರೋಟಾನ್ ಹಿಡಿದು ನೀರಾಗಿ ತಾನೇ ಕಳಚಿಕೊಳ್ಳುತ್ತದೆ, ಉಳಿದ ಧನ ಅಯಾನನ್ನು ಅಸಿಟಿಕ್ ಆಮ್ಲದ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಇಲ್ಲಿ ಚತುರ್ಮುಖ ಮಧ್ಯವರ್ತಿಗೆ ಜಾಗವಿಲ್ಲ. ಈ ದಾರಿಯಲ್ಲಿ ನೀರಿಗೆ ಹೋಗುವ ಆಮ್ಲಜನಕ ಆಲ್ಕೋಹಾಲಿನದು.